ಮೂರನೇ ಗೇಮ್ ನಡೆಯುತ್ತಾ? ರ್ಯಾಲಿಯಿಂದ ದರ ಕಟ್ಟಿದ ನನ್ನ ಅನುಭವ

ಶಿರಸಿಯಲ್ಲಿ ನಮ್ಮ ಬ್ಯಾಡ್ಮಿಂಟನ್ ಬಳಗದ ಪಂದ್ಯಗಳ ಸ್ಕೋರ್ ಶೀಟು ಬರೆಯುವುದು ನಾನೇ. ಅದನ್ನಿಟ್ಟುಕೊಂಡು ಬಾಜಿಯ ದರ ಲೆಕ್ಕ ಹಾಕುತ್ತೇನೆ. ದುಡ್ಡು ಕಟ್ಟುವುದಕ್ಕಲ್ಲ, ನನ್ನ ಅಂದಾಜು ಎಷ್ಟು ಸರಿ ಅಂತ ನೋಡುವುದಕ್ಕೆ. 1 ಅನ್ನು ಸಾಧ್ಯತೆಯಿಂದ ಭಾಗಿಸಿದರೆ ದರ ಸಿಗುತ್ತದೆ.

ಒಂದು ಜೋಡಿ ನೂರಕ್ಕೆ 52 ರ್ಯಾಲಿ ಗೆಲ್ಲುತ್ತದೆ ಅಂದುಕೊಳ್ಳಿ. ಗೇಮ್ 21ಕ್ಕೆ, 20-20 ಆದರೆ ಎರಡು ಪಾಯಿಂಟ್ ಅಂತರ ಬೇಕು, 30ಕ್ಕೆ ಕೊನೆ. ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಸ್ಕೋರಿಗೂ ಒಂದು ಮನೆ ಮಾಡಿ, ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಗೇಮ್ ಗೆಲ್ಲುವ ಸಾಧ್ಯತೆ ಸುಮಾರು 60% ಬರುತ್ತದೆ. ರ್ಯಾಲಿಯಲ್ಲಿ ಒಂದು ಜಾಸ್ತಿಯಾದರೆ ಗೇಮಿನಲ್ಲಿ ಹತ್ತಿರಹತ್ತಿರ ಐದು ಜಾಸ್ತಿಯಾಗುತ್ತದೆ. ಹಾಗಾಗಿ ರ್ಯಾಲಿ ಎಣಿಕೆ ಕಡಿಮೆ ಇದ್ದರೆ ಮುಂದಿನ ದರವೆಲ್ಲ ಅಲ್ಲಾಡುತ್ತದೆ. 500 ರ್ಯಾಲಿ ಎಣಿಸಿದರೂ ಆ 52 ಅನ್ನುವುದು 50 ಇರಬಹುದು, 54 ಇರಬಹುದು.

ಮುಂದಿನದು ಸುಲಭ. 2-0 ಗೆಲುವು 0.6 × 0.6 = 36%. ಗೆದ್ದ ಗೇಮುಗಳಲ್ಲಿ ಒಂದೂವರೆ ಕಳೆದರೂ ಮುಂದಿರಬೇಕು ಅನ್ನುವ -1.5 ಹ್ಯಾಂಡಿಕ್ಯಾಪ್ ಅಂದರೂ ಇದೇ, ದರ 2.78. ಮೂರು ಗೇಮ್ ಆಗುವುದು 2 × 0.6 × 0.4 = 48%, ದರ 2.08. ಪಂದ್ಯ ಗೆಲ್ಲುವುದು 64.8%, ದರ 1.54.

ಆದರೆ ಈ 60 ಎರಡೂ ಗೇಮಿಗೆ ಒಂದೇ ಅಂತ ಹಿಡಿದದ್ದು ಅನುಮಾನದ ವಿಷಯ. ಆ ಜೋಡಿ ಕೆಲವು ದಿನ 75ರ ಆಟ ಆಡಿ, ಅಷ್ಟೇ ದಿನ 45ಕ್ಕೆ ಇಳಿದರೆ ಸರಾಸರಿ 60 ಆಗಿಯೇ ಇರುತ್ತದೆ. ಆದರೆ ಒಳ್ಳೆಯ ದಿನ ಎರಡೂ ಗೇಮ್ ಒಂದೇ ಕಡೆ ವಾಲುತ್ತವೆ. ಮೂರು ಗೇಮಿನ ಸಾಧ್ಯತೆ 43.5%ಗೆ ಇಳಿದು, ದರ 2.30 ಆಗುತ್ತದೆ.

ನಮ್ಮ ಹಾಲಿನಲ್ಲಿ ಇನ್ನೊಂದು ಕತೆ. ಮಳೆಗಾಲದಲ್ಲಿ ಬಾಗಿಲಿನ ಕಡೆಯಿಂದ ಗಾಳಿ ನುಗ್ಗಿ ಶಟಲ್ ಎಳೆಯುತ್ತದೆ. ಗೇಮ್ ಮುಗಿದ ಮೇಲೆ ಜಾಗ ಬದಲು, ಅಲ್ವಾ? ಒಂದು ಕಡೆ 75, ಇನ್ನೊಂದು ಕಡೆ 45 ಅಂತಾದರೆ ಮೂರು ಗೇಮಿನ ಸಾಧ್ಯತೆ 52.5%ಗೆ ಏರುತ್ತದೆ, ದರ 1.90. ಮೂರನೇ ಗೇಮಿನಲ್ಲಿ 11ಕ್ಕೇ ಜಾಗ ಬದಲಾಗುವುದರಿಂದ ಅಲ್ಲಿ ಮತ್ತೆ 60 ಇಡಬಹುದು.

ಇಷ್ಟೆಲ್ಲ ಆದರೂ ಪಂದ್ಯ ಗೆಲ್ಲುವ ದರ 1.53ರಿಂದ 1.58ರ ಒಳಗೇ ಇರುತ್ತದೆ. ಹಾಗಾಗಿ ಗೆಲುವಿನ ದರ ಸರಿ ಬಂತು ಅಂತ ಎಷ್ಟು ಗೇಮ್ ನಡೆಯುತ್ತದೆ ಅನ್ನುವ ದರವನ್ನು ಸುಮ್ನೆ ನಂಬಬಾರದು. ಶೀಟಿನಲ್ಲಿ ಗೇಮ್ ಗೆದ್ದವರ ಹೆಸರಿನ ಜತೆ ಯಾವ ಕಡೆ ನಿಂತಿದ್ದರು ಅಂತಲೂ ಬರೆಯಿರಿ. ಬಾಗಿಲಿನ ಕಡೆಯವರೇ ಸೋಲುತ್ತಿದ್ದರೆ ಗಾಳಿಯ ಲೆಕ್ಕ. ಮೊದಲ ಗೇಮ್ ಗೆದ್ದವರೇ ನಿಮ್ಮ ಅಂದಾಜಿಗಿಂತ ಜಾಸ್ತಿ ಸಲ ಎರಡನೆಯದನ್ನೂ ಗೆದ್ದರೆ ದಿನದ ಆಟದ ಲೆಕ್ಕ.

ಕಾರವಾರದ ಗೆಳೆಯರು ವಾಲಿಬಾಲಿಗೂ ಇದನ್ನೇ ಕೇಳುತ್ತಾರೆ. ಅಲ್ಲಿ ಒಂದು ಅಂಕಿ ಸಾಲದು. ಒಳ್ಳೆಯ ತಂಡಗಳಲ್ಲಿ ಸರ್ವ್ ಮಾಡಿದವರಿಗಿಂತ ಸರ್ವ್ ತೆಗೆದುಕೊಂಡವರೇ ಜಾಸ್ತಿ ರ್ಯಾಲಿ ಗೆಲ್ಲುತ್ತಾರೆ. ಆದ್ದರಿಂದ ಎರಡೂ ತಂಡಕ್ಕೆ ಬೇರೆ ಬೇರೆ ಎಣಿಸಿ. ಐದನೇ ಸೆಟ್ 25ಕ್ಕಲ್ಲ, 15ಕ್ಕೆ. ಅದಕ್ಕೆ ಇನ್ನೊಂದು ಪಟ್ಟಿಯೇ ಬೇಕು.