ಲೇಬಲ್ ಇಲ್ಲದ ಟೈಟ್ಸ್‌ಗೆ ಡೆನಿಯರ್ ಹಿಡಿದ ಬಗೆ: ನನ್ನ ಅನುಭವ

ಲೇಬಲ್ ಇಲ್ಲದ ಲಾಟ್ ಮಾಲು ಅಂದ್ರೆ ನಮ್ಮ ಲೈನಿನಲ್ಲಿ ಎಲ್ಲರೂ ದೂರ ಸರಿಯುತ್ತಾರೆ. ಟೈಟ್ಸ್, ಸ್ಟಾಕಿಂಗ್ಸ್, ಲೆಗ್ಗಿಂಗ್ಸ್, ಲೆಗ್ ವಾರ್ಮರ್ ಎಲ್ಲ ಒಂದೇ ಗೋಣಿಯಲ್ಲಿ, ಕೆಜಿ ಲೆಕ್ಕದಲ್ಲಿ ಸಿಗುತ್ತವೆ. "ಮಾರಾಯ್ರೇ, ಕಣ್ಣು ಕಟ್ಟಿಕೊಂಡು ವ್ಯಾಪಾರ ಮಾಡ್ತೀರಾ?" ಎಂದು ಪಕ್ಕದ ಅಂಗಡಿಯ ಶೆಟ್ರು ನಕ್ಕಿದ್ದರು. ಈಗ ಅವರ ಗೋಣಿಯೂ ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಅಂಗಡಿಗೇ ವಿಂಗಡಣೆಗೆ ಬರುತ್ತದೆ. ಪೀಸಿಗೆ ಮೂರು ರೂಪಾಯಿ ತೆಗೆದುಕೊಳ್ಳುತ್ತೇನೆ, ಚೌಕಾಸಿ ಇಲ್ಲ.

ನನ್ನ ಗಿರಾಕಿಗಳು ಹೆಚ್ಚಾಗಿ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಧೇರಿ ಕಡೆಯ ಡ್ರೆಸ್‌ವಾಲಾಗಳು ಮತ್ತು ಡಾನ್ಸ್ ಕ್ಲಾಸಿನವರು. ಅವರಿಗೆ ಬೇಕಾದದ್ದು "ಸ್ಕಿನ್ ಕಲರ್, 40, ಮ್ಯಾಟ್", ಅಂದರೆ 40 ಡೆನಿಯರ್ ದಪ್ಪದ, ಹೊಳಪಿಲ್ಲದ ಮಾಲು, ಅದೂ ಇಪ್ಪತ್ತು ಪೀಸು ಒಂದೇ ಥರ. ಸಾಲಿನಲ್ಲಿ ಒಬ್ಬಳ ಕಾಲು ಲೈಟಿಗೆ ಮಿಂಚಿದರೆ ಇಡೀ ಸೆಟ್ ವಾಪಸ್ ಬರುತ್ತದೆ.

ಮೊದಲು ತಕ್ಕಡಿ ಹಿಡಿದೆ. 9000 ಮೀಟರ್ ನೂಲಿನ ಗ್ರಾಂ ತೂಕವೇ ಡೆನಿಯರ್ ಅಲ್ವಾ, ಹಾಗಾದರೆ ತೂಗಿದರೆ ಸಾಕು ಅಂದುಕೊಂಡೆ. ಆದರೆ ಸೈಜು ಬದಲಾದರೆ ತೂಕವೂ ಬದಲಾಗುತ್ತದೆ. ಸೊಂಟದ ಎಲಾಸ್ಟಿಕ್, ದಪ್ಪ ಪ್ಯಾಂಟಿ ಭಾಗ, ತೊಡೆಸಂದಿಗೆ ಹೊಲಿದ ತುಂಡು ಗಸೆಟ್ ಇವೆಲ್ಲ ಸೇರಿ 20ರ ದೊಡ್ಡ ಸೈಜೂ 40ರ ಸಣ್ಣ ಸೈಜೂ ಒಂದೇ ತೂಗಿದವು. ಆಮೇಲೆ ಕೈಯಲ್ಲಿ ಎಳೆದು ಬೆಳಕಿಗೆ ಹಿಡಿದು ನೋಡಿದೆ. ಬೆಳಿಗ್ಗೆ 60 ಎಂದದ್ದನ್ನೇ ಸಂಜೆ 40 ಎಂದು ಬರೆದಿಟ್ಟಿದ್ದೆ. ಜಾಸ್ತಿ ಎಳೆದಷ್ಟೂ ತೆಳುವಾಗಿ ಕಾಣುತ್ತದೆ, ಅಷ್ಟೇ. ಆ ಎರಡು ಲಾಟಿನಲ್ಲಿ ಏಳೆಂಟು ಸಾವಿರ ಹೋಯಿತು.

ಕೊನೆಗೆ ಕೈಗೆ ಬಂದದ್ದು ಪ್ಲಂಬರ್ ಬಿಟ್ಟುಹೋದ ಬಿಳಿ ಪಿವಿಸಿ ಪೈಪು, ಹೊರ ಅಳತೆ 110 ಮಿ.ಮೀ. ಅದರ ಸುತ್ತಳತೆ ಸುಮಾರು 34-35 ಸೆಂ.ಮೀ. ಬರುತ್ತದೆ, ಹೆಚ್ಚುಕಮ್ಮಿ ಹೆಂಗಸರ ಮೀನಖಂಡದಷ್ಟು. ಪೈಪಿಗೆ ಪೇಪರಿನ ಹಾಳೆ ಸುತ್ತಿ, ಮೇಲೆ ಟೈಟ್ಸ್‌ನ ಕಾಲು ಏರಿಸುತ್ತೇನೆ. ಎಲ್ಲ ಪೀಸಿಗೂ ಒಂದೇ ಹಿಗ್ಗು. ಸ್ಕಿನ್ ಕಲರಿನಲ್ಲಿ 20 ಡೆನಿಯರ್ ಪೀಸಿನ ಅಡಿಯಲ್ಲಿ ಸುದ್ದಿಯ ಸಣ್ಣ ಅಕ್ಷರ ಓದಬಹುದು, 40ರ ಕೆಳಗೆ ತಲೆಬರಹ ಮಾತ್ರ, 80ರ ಕೆಳಗೆ ಪೇಪರ್ ಇದೆಯೆಂಬುದೂ ಗೊತ್ತಾಗುವುದಿಲ್ಲ. ಅನುಮಾನ ಬಂದರೆ ಪಕ್ಕದಲ್ಲೇ ಲೇಬಲ್ ಇರುವ ಹೊಸ ಪೀಸು ಏರಿಸಿ ಹೋಲಿಸಬೇಕು. ಕಪ್ಪು ಬಣ್ಣ ಯಾವಾಗಲೂ ಜಾಸ್ತಿ ಮುಚ್ಚುತ್ತದೆ. ಹಾಗಾಗಿ ಅದಕ್ಕೆ ಮಾದರಿ ಸೆಟ್ಟೇ ಬೇರೆ. ಪೈಪಿನ ಬಾಯಿಯನ್ನು ಮರಳು ಕಾಗದದಲ್ಲಿ ಉಜ್ಜಿ ಬಟ್ಟೆ ಸುತ್ತದಿದ್ದರೆ ಎಳೆ ಬಿಟ್ಟು ಏಣಿಯಂಥ ಗೆರೆ, ಅಂದರೆ ಲ್ಯಾಡರ್ ಬಿದ್ದು ಪೀಸು ಕಸಕ್ಕೆ ಹೋಗುತ್ತದೆ.

ಇಲ್ಲೊಂದು ಮೋಸ ಇದೆ. ಮೈಕ್ರೋಫೈಬರ್ 40 ಪೈಪಿನ ಮೇಲೆ 60ರ ಹಾಗೆ ಕಾಣುತ್ತದೆ. ನೂಲಿನ ತೂಕ ಅಷ್ಟೇ, ಆದರೆ ಎಳೆಗಳು ಸಣ್ಣವು, ಸಂಖ್ಯೆ ಜಾಸ್ತಿ, ಸಂದು ಮುಚ್ಚಿಹೋಗುತ್ತದೆ. ಅದನ್ನು ಮುಂಗೈಯ ಹಿಂಬದಿಗೆ ಸವರಿ ಗುರುತಿಸುತ್ತೇನೆ, ಹತ್ತಿಯಷ್ಟು ಮೆತ್ತಗಿರುತ್ತದೆ. ಫಿನಿಶ್‌ಗೆ ಮೊಬೈಲ್ ಟಾರ್ಚ್ ಸಾಕು. ಪೈಪಿನ ಮೇಲೆ ಉದ್ದಕ್ಕೆ ಬಿಳಿ ಗೆರೆ ಹೊಳೆದರೆ ಶೈನಿ, ಬೆಳಕು ಹರಡಿಹೋದರೆ ಮ್ಯಾಟ್. ಟಾರ್ಚನ್ನು ಯಾವ ಕೋನದಲ್ಲಿ ಹಿಡಿಯಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಹಿಗ್ಗಿನ ಪರೀಕ್ಷೆ ಹಳೆ ಮಾಲಿಗೆ ತುಂಬಾ ಮುಖ್ಯ. ಚಾಕ್‌ಪೀಸಿನಲ್ಲಿ 10 ಸೆಂ.ಮೀ. ಗುರುತು ಹಾಕಿ, 20ಕ್ಕೆ ಎಳೆದು, ಮೂವತ್ತು ಎಣಿಸಿ ಬಿಡಿ. ಹಿಗ್ಗುವ ನೂಲಾದ ಲೈಕ್ರಾ ಚೆನ್ನಾಗಿದ್ದರೆ ತಕ್ಷಣ ಹತ್ತಿರ ಹತ್ತಿರ 10ಕ್ಕೆ ಬರುತ್ತದೆ. ಲೈಕ್ರಾ ಇಲ್ಲದ, ಸುರುಳಿ ಮಾಡಿದ ಬರೀ ಕ್ರಿಂಪ್ ನೈಲಾನ್ ನಿಧಾನಕ್ಕೆ ಬಂದು 11ರ ಆಸುಪಾಸು ನಿಲ್ಲುತ್ತದೆ, ಮಂಡಿಯಲ್ಲಿ ಚೀಲ ಬೀಳುವುದು ಅದೇ. ಎಳೆಯುವಾಗ ಚಟಚಟ ಸದ್ದು ಬಂದರೆ ಬಿಸಿ ಗೋಡೌನಿನಲ್ಲಿ ಲೈಕ್ರಾ ಸತ್ತಿದೆ ಎಂದರ್ಥ. ಅದನ್ನು ನೋಡದೆ ಮಾರಬೇಡಿ.

ಲೆಗ್ಗಿಂಗ್ಸ್‌ಗೆ ಈ ಪೈಪು ವ್ಯರ್ಥ. ಅದು ಕತ್ತರಿಸಿ ಹೊಲಿದ ಬಟ್ಟೆ, ಅಲ್ಲಿ ಮಾತು ಜಿಎಸ್‌ಎಮ್‌ದು, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕದ್ದು. ಜೋಡಿಜೋಡಿಯಾಗಿ, ಸೊಂಟದ ಭಾಗವೇ ಇಲ್ಲದೆ ಬರುವ ಸ್ಟಾಕಿಂಗ್ಸ್‌ನಲ್ಲಿ ಮೇಲಿನ ಸಿಲಿಕೋನ್ ಪಟ್ಟಿ ಬೆರಳಿಗೆ ಅಂಟುತ್ತದೆಯೇ ಎಂದು ನೋಡಿ. ಧೂಳು ಹಿಡಿದು ಒಣಗಿದ್ದರೆ ತೊಡೆಯಿಂದ ಜಾರುತ್ತದೆ.

ನಡುವೆ ಇನ್ನೊಂದು ಪ್ರಯೋಗ. ಮಾರಾಟವಾಗದ ಬಿಳಿ ಟೈಟ್ಸ್‌ಗಳನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಸ್ಕಿನ್ ಕಲರ್ ಮಾಡಿದೆ. ನೈಲಾನ್ ಚಹಾವನ್ನು ಚೆನ್ನಾಗಿ ಹೀರುತ್ತದೆ. ಹತ್ತಿಯ ಗಸೆಟ್ ಮಾತ್ರ ಬೇರೆ ಛಾಯೆಗೆ ಹೋಯಿತು, ಒಳಗಿರುತ್ತದಲ್ಲ, ನಡೀತು. ನೀರು ತೀರಾ ಬಿಸಿಯಿದ್ದ ಸಲ ಸೊಂಟದ ಎಲಾಸ್ಟಿಕ್ ಸಡಿಲವಾಯಿತು. ಕಲೆಕಲೆಯಾಗದಂತೆ ಬಣ್ಣ ಹತ್ತಲು ನೀರಿಗೆ ಒಂದು ಅಡುಗೆಮನೆ ಸಾಮಾನು ಹಾಕುತ್ತೇನೆ. ಹೆಂಡತಿಗೆ ಗೊತ್ತು, ನಿಮಗೆ ಬೇಡ.

ಕಳೆದ ಮಳೆಗಾಲದ ಲಾಟಿನ ಲೆಕ್ಕ ಹೇಳುತ್ತೇನೆ. ಮೂವತ್ತು ಕೆಜಿ, ಕೆಜಿಗೆ 350ರಂತೆ ಹತ್ತೂವರೆ ಸಾವಿರ. ಅದರಲ್ಲಿ ಹೆಚ್ಚುಕಡಿಮೆ ಆರು ಕೆಜಿ ಅಕ್ರಿಲಿಕ್ ಲೆಗ್ ವಾರ್ಮರೇ ತಿಂದುಹಾಕಿತು. ಉಳಿದದ್ದರಲ್ಲಿ ಕಾಲುಭಾಗ ಸತ್ತ ಲೈಕ್ರಾ. ಆದರೂ ಮುನ್ನೂರಕ್ಕೂ ಹೆಚ್ಚು ಪೀಸು ಕೈಗೆ ಸಿಕ್ಕಿತು. ಮ್ಯಾಟ್ 40ಕ್ಕೆ ನೂರು, 20ಕ್ಕೆ ಐವತ್ತು, ಶೈನಿಗೆ ಸಿಕ್ಕಷ್ಟು. ಖರ್ಚು ಕಳೆದು ಹನ್ನೆರಡು ಸಾವಿರದ ಹತ್ತಿರ ಉಳಿಯಿತು. ಲೆಗ್ ವಾರ್ಮರ್‌ಗಳನ್ನು ಪುಣೆಯ ಡಾನ್ಸ್ ಕ್ಲಾಸ್ ಒಂದಕ್ಕೆ ಕಳಿಸಿದೆ. ಅಲ್ಲಿ ಡಿಸೆಂಬರಿನಲ್ಲಿ ಚಳಿಯಾದರೂ ಇರುತ್ತದೆ, ಡೊಂಬಿವಲಿಯಲ್ಲಿ ಅದನ್ನು ಯಾರು ಕೊಳ್ತಾರೆ?