ಏರುವ ಪಿಂಚಣಿಗೆ ನಾನು ಹಾಕಿದ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ನಿವೃತ್ತರಾದಾಗ ಬಂದ ದುಡ್ಡನ್ನೆಲ್ಲ ಕೊಟ್ಟು ತಿಂಗಳಿಗಿಷ್ಟು ಅಂತ ಪಿಂಚಣಿ ಮಾಡಿಸಿಕೊಂಡಿದ್ದರು. ಹನ್ನೆರಡು ವರ್ಷ ಆಯಿತು, ಅದೇ ಮೊತ್ತ ಬರುತ್ತಿದೆ. "ಆವಾಗ ಇದರಾಗ ಮನಿ ಆರಾಮ ನಡೀತಿತ್ತು. ಈಗ ಅರ್ಧ ತಿಂಗಳಿಗೆ ಮುಗೀತದ ನೋಡಪಾ" ಅಂದರು. ಬೆಲೆ ವರ್ಷಕ್ಕೆ ಶೇ. 6 ಏರಿದರೆ ಹನ್ನೆರಡು ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಕಾಕಾ ಹೇಳಿದ್ದು ಸರಿಯಾಗಿಯೇ ಇತ್ತು.

ಅವತ್ತೇ ನಾನು ಲೆಕ್ಕಕ್ಕೆ ಕುಳಿತೆ. ಆಗ ನನಗೆ 38. ಮನೆ ಖರ್ಚು ತಿಂಗಳಿಗೆ 30,000 ರೂಪಾಯಿ. ಶೇ. 6ರಂತೆ ಏರಿದರೆ 60ನೇ ವಯಸ್ಸಿಗೆ ಅದು ಸುಮಾರು 1,08,000 ಆಗುತ್ತದೆ, ಅಂದರೆ ವರ್ಷಕ್ಕೆ 12.97 ಲಕ್ಷ. ಅಲ್ಲಿಂದ 25 ವರ್ಷ, ಪ್ರತಿವರ್ಷ ಶೇ. 6 ಜಾಸ್ತಿ ತೆಗೆಯಬೇಕು. ಉಳಿದ ಹಣ ಶೇ. 7 ದುಡಿಯುತ್ತದೆ ಅಂದುಕೊಂಡೆ. ಎಕ್ಸೆಲ್‌ನಲ್ಲಿ ಹೀಗೆ ಹಾಕಿದೆ:

```
=12.97*1.07/(0.07-0.06)*(1-(1.06/1.07)^25)
```

ಬಂದದ್ದು 290 ಲಕ್ಷ, ಅಂದರೆ 2.9 ಕೋಟಿ. ಏರದ ಪಿಂಚಣಿಯಾದರೆ 1.62 ಕೋಟಿ ಸಾಕಿತ್ತು. ಕಾಕಾನಿಗೆ ಕಾಣದೆ ಹೋದದ್ದು ಈ ವ್ಯತ್ಯಾಸವೇ. ಉತ್ತರ ಸರಿಯೋ ಅಂತ ನೋಡಲು ಒಂದು ಸುಲಭ ದಾರಿ ಇದೆ. ಬಡ್ಡಿಯೂ ಬೆಲೆಯೇರಿಕೆಯೂ ಒಂದೇ ಆದರೆ ಈ ಸೂತ್ರ ಸೊನ್ನೆಯಿಂದ ಭಾಗಿಸಿ ತಪ್ಪು ತೋರಿಸುತ್ತದೆ. ಆಗ ಸುಮ್ನೆ ಮೊದಲ ವರ್ಷದ ಖರ್ಚನ್ನು 25ರಿಂದ ಗುಣಿಸಿದರೆ ಆಯಿತು. ನಮ್ಮದು ಅದಕ್ಕಿಂತ ಸ್ವಲ್ಪ ಕಡಿಮೆ, 22.4 ಪಟ್ಟು ಬಂತು, ಸರಿ ಅನಿಸಿತು.

ಇನ್ನು ಕೂಡಿಸುವ ಲೆಕ್ಕ. 22 ವರ್ಷ, ಶೇ. 10 ಗಳಿಕೆ. ಪ್ರತಿವರ್ಷ ಒಂದೇ ಮೊತ್ತ ಕಟ್ಟಿದರೆ ತಿಂಗಳಿಗೆ 33,900 ಬೇಕು. ನನ್ನ ಸಂಬಳದಲ್ಲಿ ಅದು ಆಗದ ಮಾತು. ಉಳಿತಾಯವನ್ನೂ ಸಂಬಳದ ಜೊತೆ ವರ್ಷಕ್ಕೆ ಶೇ. 7 ಏರಿಸಿದರೆ? ಮೊದಲ ವರ್ಷ ತಿಂಗಳಿಗೆ 0.196 ಲಕ್ಷಕ್ಕೆ, ಅಂದರೆ 19,600ಕ್ಕೆ ಇಳಿಯಿತು:

```
=290.4*(0.10-0.07)/(1.10^22-1.07^22)/12
```

ನನ್ನ ಪಾಲು, ಕಂಪನಿ ಪಾಲು ಸೇರಿ ಪಿಎಫ್‌ಗೆ ತಿಂಗಳಿಗೆ 9,550 ಹೋಗುತ್ತಿತ್ತು. ಸಂಬಳ ಏರಿದಂತೆ ಅದೂ ಏರುತ್ತದೆ. ಉಳಿದ ಹತ್ತು ಸಾವಿರಕ್ಕೆ ಷೇರುಗಳ ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳಿಗಿಷ್ಟು ಅಂತ ಕಟ್ಟುವ ಎಸ್ಐಪಿ ಶುರು ಮಾಡಿದೆ. ಪಿಎಫ್‌ನಲ್ಲಿ ಶೇ. 8ರ ಆಸುಪಾಸು, ಷೇರಿನಲ್ಲಿ ಶೇ. 12 ಅಂದುಕೊಂಡು ಎರಡರ ನಡುವಿನ 10 ಹಿಡಿದಿದ್ದೆ. ಷೇರಿನ ಗಳಿಕೆಗೆ ಯಾರ ಖಾತ್ರಿಯೂ ಇಲ್ಲ. ಒಟ್ಟು ಶೇ. 9 ಮಾತ್ರ ಬಂದರೆ ಮೊದಲ ವರ್ಷದಿಂದಲೇ ತಿಂಗಳಿಗೆ ಇನ್ನೂ ಸುಮಾರು 2,150 ಜಾಸ್ತಿ ಬೇಕು. ಹಾಗಾಗಿ ಹಳೆಯ ಪಿಎಫ್ ಹಣವನ್ನು ನಾನು ಲೆಕ್ಕಕ್ಕೇ ಸೇರಿಸಲಿಲ್ಲ. ಕೊರತೆ ಬಿದ್ದರೆ ಅದು ತುಂಬಲಿ ಅಂತ ಬಿಟ್ಟಿದ್ದೇನೆ.

ಇಲ್ಲಿ ಹಾಳಾಗುವುದು ಏರಿಕೆ ಮರೆತಾಗ. ಎರಡನೇ ವರ್ಷ ನಾನೇ ಮರೆತೆ, ಎಸ್ಐಪಿ ಹಾಗೇ ನಿಂತಿತ್ತು. ಈಗ ಏಪ್ರಿಲ್‌ನ ಹೊಸ ಸಂಬಳ ಚೀಟಿ ಬಂದ ದಿನವೇ ಶೇ. 7 ಏರಿಸಿ, ನಮ್ಮವಳಿಗೆ ತೋರಿಸಿ ಡೈರಿಯಲ್ಲಿ ಬರೆಯುತ್ತೇನೆ.