ಟ್ಯಾಗ್‌ಲೈನ್‌ಗೊಂದು ಪೆಟ್ರೋಲ್ ಪರೀಕ್ಷೆ
ಶಿವಮೊಗ್ಗದಲ್ಲಿ ಕೂತು ಬೆಂಗಳೂರಿನ ಆಫೀಸ್ ಹುಡುಗರಿಗೆ ಎಲೆಕ್ಟ್ರಿಕ್ ಸ್ಕೂಟರ್ ಟ್ಯಾಗ್‌ಲೈನ್ ಬರೆಯೋರಿಗೆ: ಬರೆದ ಸಾಲಿನ ಕೆಳಗೆ ಪೆಟ್ರೋಲ್ ಸ್ಕೂಟರ್ ಚಿತ್ರ ಇಟ್ಟು ನೋಡಿ. ಆಗಲೂ ಹೊಂದಿದರೆ ಸಾಲು ಹೊಡೆದುಹಾಕಿ. ‘ನಾಳೆಯ ನಗರಕ್ಕೆ ಹೊಸ ವೇಗ’ ಯಾವ ಗಾಡಿಗೂ ಆಗುತ್ತೆ. ಮೇಲಾಗಿ ಸಿಲ್ಕ್ ಬೋರ್ಡ್‌ನಲ್ಲಿ ನಿಂತವನಿಗೆ ವೇಗ ಅಂದ್ರೆ ನಗುನೇ ಬರುತ್ತೆ. ‘ಸಿಗ್ನಲ್ ಕೆಂಪು, ಗಾಡಿ ತಣ್ಣಗೆ’ ಪೆಟ್ರೋಲ್ ಗಾಡಿಗೆ ಕೂರಲ್ಲ. ಚಕ್ರ ನಿಂತಾಗ ಎಲೆಕ್ಟ್ರಿಕ್ ಮೋಟರೂ ನಿಲ್ಲುತ್ತೆ. ಎಂಜಿನ್ನಿನ ನಡುಕ, ಕಾಲಿಗೆ ಬಡಿಯೋ ಬಿಸಿ ಎರಡೂ ಇಲ್ಲ. ಓದುವವನು ದಿನಾ ಅನುಭವಿಸೋ ಕ್ಷಣ ಅದು, ಅದಕ್ಕೇ ಥಟ್ಟನೆ ನಾಟುತ್ತೆ. ‘ಸದ್ದಿಲ್ಲ’ ಅನ್ನೋದನ್ನ ಮಾತ್ರ ನೆಚ್ಚಬೇಡಿ, ಸುತ್ತಲಿನ ಹಾರ್ನ್‌ಗಳ ಮಧ್ಯೆ ಅದು ಯಾರಿಗೂ ಗೊತ್ತಾಗಲ್ಲ. ಪರೀಕ್ಷೆ ಪಾಸಾದ ಸಾಲೂ ಕೈಕೊಡುತ್ತೆ: ‘ರಾತ್ರಿ ಮನೇಲಿ ಚಾರ್ಜ್, ಬೆಳಿಗ್ಗೆ ಬಂಕ್ ಮರೆತುಬಿಡಿ’ ಚೆನ್ನಾಗಿದೆ, ಆದರೆ ಪಿ.ಜಿ.ಯ ಮೂರನೇ ಮಹಡಿಯಲ್ಲಿರೋನಿಗೆ ಪಾರ್ಕಿಂಗ್‌ನಲ್ಲಿ ಪ್ಲಗ್ಗೇ ಇರಲ್ಲ. ಬ್ಯಾಟರಿ ಬಿಚ್ಚಿ ಒಯ್ಯೋ ಗಾಡಿಯಾದ್ರೆ ಮಾತ್ರ ಬಳಸಿ. ಅದೇ ‘ತಣ್ಣಗೆ’ ಸಾಲನ್ನ ನಮ್ಮೂರ ಶೋರೂಮಿಗೂ ಅಂಟಿಸಬೇಡಿ. ಆಗುಂಬೆ ಘಾಟಿ ಏರುವಾಗ ಮೋಟರ್ ಬಿಸಿಯಾಗುತ್ತೆ, ಚಾರ್ಜೂ ಬೇಗ ಇಳಿಯುತ್ತೆ. ಇಲ್ಲಿಯವರ ಮೊದಲ ಪ್ರಶ್ನೆ ‘ಎಷ್ಟು ಕಿಲೋಮೀಟರ್ ಹೋಗುತ್ತೆ?’